ಭಾವನ ಕಾಯಿನ್ 11 ಲಕ್ಷ ತೋರಿಸ್ತಿದೆ, ಮಾರೋಕೆ ಹೋದ್ರೆ ಆಗ್ತಿಲ್ಲ. ಅನ್‌ಲಾಕ್ ಫೀ ಕಟ್ಬೇಕಾ?

ತುಂಗೆಯ_ದಡ

ನಮಸ್ಕಾರ. ನನಗೆ ಕ್ರಿಪ್ಟೊ ಅಷ್ಟಕ್ಕಷ್ಟೇ, ಅಕ್ಕನ ಗಂಡನ ಪರವಾಗಿ ಕೇಳುತ್ತಿದ್ದೇನೆ. ಶಿವಮೊಗ್ಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮೂರು ವಾರದ ಹಿಂದೆ ಯಾವುದೋ ಟೆಲಿಗ್ರಾಂ ಗುಂಪಿಗೆ ಸೇರಿ, ಅಲ್ಲಿ ಹೇಳಿದ ಹೊಸ ಕಾಯಿನ್ ತಗೊಂಡಿದ್ದಾರೆ. ಮೊದಲು 20 ಸಾವಿರ ಹಾಕಿದರು, ಏರುತ್ತಿದೆ ಅಂತ ಇನ್ನೂ ಹಾಕಿದರು, ಈಗ ಒಟ್ಟು 1.4 ಲಕ್ಷ. ವಾಲೆಟ್ ತೆರೆದರೆ 11 ಲಕ್ಷ ಚಿಲ್ಲರೆ ತೋರಿಸುತ್ತದೆ. ಅಕ್ಕನಿಗೆ ಮೊನ್ನೆ ಗೊತ್ತಾಯಿತು, ಮನೆಯಲ್ಲಿ ಅದೊಂದು ಬೇರೆ ರಾಮಾಯಣ.

ವಿಷಯ ಏನಂದ್ರೆ, ಅರ್ಧ ಮಾರಿ ಹಾಕಿದ ದುಡ್ಡಾದರೂ ತೆಗೆಯೋಣ ಅಂತ ಹೋದರೆ ಕಾಯಿನ್ ಮಾರುವ ಪ್ಯಾನ್‌ಕೇಕ್‌ಸ್ವಾಪ್ ಸೈಟ್‌ನಲ್ಲಿ ಪ್ರತಿ ಸಲ ಇದು ಬರುತ್ತಿದೆ:

```
TransferHelper: TRANSFER_FROM_FAILED
```

ಗುಂಪಿನ ಅಡ್ಮಿನ್ ಹೇಳೋದು, "ಇದು ಬಾಟ್‌ಗಳನ್ನು ತಡೆಯೋಕೆ ಹಾಕಿರೋ ಲಾಕ್, ಅರ್ಧ ಬಿಎನ್‌ಬಿ ಕಳಿಸಿದರೆ ನಿಮ್ಮ ವಾಲೆಟ್ ತೆರೆಯುತ್ತದೆ, ಮಾರಿದ ಮೇಲೆ ಆ ದುಡ್ಡು ವಾಪಸ್." ಭಾವ ಕಟ್ಟೋಕೆ ರೆಡಿ. ನಾನು ಒಂದು ದಿನ ತಡೀರಿ ಅಂದಿದ್ದೇನೆ. ಕಟ್ಬೇಕಾ ಬೇಡ್ವಾ?

ಹಾಸನ್_ಹೈದ

ಗುರು, ಹೆದರಬೇಡಿ. ಇದು ಸ್ಲಿಪೇಜ್ ಸಮಸ್ಯೆ, ಅಂದರೆ ಕೈಗೆ ಬರೋದು ಎಷ್ಟು ಕಡಿಮೆ ಆದರೂ ಒಪ್ಪುತ್ತೇವೆ ಅನ್ನುವ ಮಿತಿ. ಹೊಸ ಕಾಯಿನ್‌ಗಳಲ್ಲಿ ಮಾರುವಾಗ 10-15% ಟ್ಯಾಕ್ಸ್ ಕಡಿಯುತ್ತಾರೆ, ಸ್ಲಿಪೇಜ್ ಕಡಿಮೆ ಇಟ್ಟರೆ ಫೇಲ್ ಆಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ 25ಕ್ಕೆ ಏರಿಸಿ ನೋಡಿ. ನನಗೂ ಹೀಗೇ ಆಗಿತ್ತು, ಏರಿಸಿದ ಮೇಲೆ ಮಾರಾಟ ಆಯಿತು. ಅದಕ್ಕಿಂತ ಮುಖ್ಯ, ಲಿಕ್ವಿಡಿಟಿ, ಅಂದರೆ ಕಾಯಿನ್ ವ್ಯಾಪಾರಕ್ಕೆ ಇಟ್ಟ ದುಡ್ಡು, ಲಾಕ್ ಆಗಿದೆಯಾ ನೋಡಿ. ಒಂದು ವರ್ಷ ಲಾಕ್ ಇದ್ದರೆ ಅದನ್ನು ಎತ್ತಿಕೊಂಡು ರಗ್ ಮಾಡೋಕೆ ಆಗಲ್ಲ, ಆರಾಮಾಗಿರಿ.

ಬ್ಲಾಕ್_ಬಸಣ್ಣ

ಮೊದಲು ಉತ್ತರ: ಕಟ್ಟಬೇಡಿ. ಒಂದು ಪೈಸೆನೂ ಕಟ್ಟಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಅಲ್ಲಿವರೆಗೆ ಭಾವನ ಕೈಯಿಂದ ಫೋನ್ ಇಸ್ಕೊಳ್ಳಿ.

ಹಾಸನದವರು ಹೇಳಿದ್ದರಲ್ಲಿ ಅರ್ಧ ಸರಿ. ಸ್ಲಿಪೇಜ್ ತೊಂದರೆ ಇರುತ್ತದೆ, ಆದರೆ ಅದಕ್ಕೆ ಬರುವ ಸಂದೇಶ ಬೇರೆ, `INSUFFICIENT_OUTPUT_AMOUNT` ಅಂತ ಬರುತ್ತದೆ. ಇವರಿಗೆ ಬಂದಿರೋದು ಕಾಯಿನ್ ವಾಲೆಟ್ ಬಿಟ್ಟು ಕದಲೋಕೇ ಒಪ್ಪುತ್ತಿಲ್ಲ ಅನ್ನುವ ಸಂದೇಶ. ಒಮ್ಮೊಮ್ಮೆ ಇರುವಷ್ಟನ್ನೂ ಒಟ್ಟಿಗೆ ಮಾರಲು ಹೋದಾಗ ದಶಮಾಂಶದ ಲೆಕ್ಕದಲ್ಲಿ ಚೂರು ಹೆಚ್ಚುಕಡಿಮೆಯಾಗಿ ಇದೇ ಸಂದೇಶ ಬರುವುದುಂಟು. ಅದಕ್ಕೆ ಒಂದು ಪರೀಕ್ಷೆ ಮಾಡಿ: ಬರೀ 5% ಮಾರಲು ನೋಡಿ. ಅದೂ ಆಗದಿದ್ದರೆ ತಡೆಯುತ್ತಿರುವುದು ಕಾಯಿನ್‌ನ ಕೋಡ್, ಅಂದರೆ ಕಾಂಟ್ರ್ಯಾಕ್ಟೇ.

ಆಮೇಲೆ bscscan.com ಗೆ ಹೋಗಿ ಕಾಯಿನ್ ವಿಳಾಸ ಹಾಕಿ, Contract ಅನ್ನುವ ಟ್ಯಾಬ್ ತೆರೆಯಿರಿ. ಕೋಡ್ ಕಾಣುತ್ತದಾ, ಅಥವಾ ಬರೀ ಅಂಕಿ ಅಕ್ಷರಗಳ ರಾಶಿ ಇದೆಯಾ? ವಿಳಾಸ ಇಲ್ಲಿ ಹಾಕಬೇಡಿ, ಯಾರಾದರೂ ನೋಡಿ ತಗೊಂಡುಬಿಡುತ್ತಾರೆ (ತಮಾಷೆ ಅಲ್ಲ, ಹಿಂದೆ ಇಲ್ಲೇ ಆಗಿದೆ). ನನಗೆ ಮೆಸೇಜ್ ಮಾಡಿ.

ತುಂಗೆಯ_ದಡ

5%, 1% ಎರಡೂ ನೋಡಿದೆ. ಅದೇ ಸಂದೇಶ. ಕೋಡ್ ಕಾಣುತ್ತದೆ, ಅರ್ಥ ಆಗಲಿಲ್ಲ. ವಿಳಾಸ ಕಳಿಸಿದ್ದೇನೆ.

ಬ್ಲಾಕ್_ಬಸಣ್ಣ

ನೋಡಿದೆ. ಇಡೀ ಕೋಡ್ ಬೇಡ, ವಿಷಯ ಇರೋದು ಮೂರು ಸಾಲಲ್ಲಿ. ಹೆಸರುಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ:

```solidity
if (to == pair) {
    require(allowed[from], "wait");
}
```

`pair` ಅಂದರೆ ಕಾಯಿನ್ ವ್ಯಾಪಾರ ಆಗುವ ಪೂಲ್. ಯಾರಾದರೂ ಕಾಯಿನ್ನನ್ನು ಪೂಲ್ ಕಡೆಗೆ ಕಳಿಸಿದರೆ, ಅಂದರೆ ಮಾರಲು ಹೋದರೆ, ಅವರ ಹೆಸರು `allowed` ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಬಾಗಿಲು ಬಂದ್. ಕೊಳ್ಳುವವರಿಗೆ ಇಂಥ ತಡೆ ಇಲ್ಲ. ಇಲಿ ಬೋನಿನ ಹಾಗೆ, ಒಳಗೆ ಹೋಗೋಕೆ ದಾರಿ ಇದೆ.

ಈಗ ಕಳೆದ ಎರಡು ವಾರದ ಮಾರಾಟದ ಪಟ್ಟಿ ನೋಡಿ. ನಾನು ಎಣಿಸಿದಷ್ಟರಲ್ಲಿ ಇನ್ನೂರಕ್ಕೂ ಜಾಸ್ತಿ ಖರೀದಿ, ಮಾರಾಟ ಒಂಬತ್ತು. ಆ ಒಂಬತ್ತೂ ಎರಡೇ ವಾಲೆಟ್‌ನಿಂದ. ಚಾರ್ಟ್ ತೆರೆದರೆ ಬರೀ ಹಸಿರು, ಅಡಿಕೆ ತೋಟದ ಥರ. ಜನ ಅದನ್ನು ನೋಡಿ "ಎಷ್ಟು ಚೆನ್ನಾಗಿ ಏರ್ತಿದೆ" ಅನ್ನುತ್ತಾರೆ. ಯಾರೂ ಲಾಭ ತೆಗೆಯದೇ ವಾರಗಟ್ಟಲೆ ಏರುವ ವಸ್ತು ಈ ಭೂಮಿ ಮೇಲೆ ಇಲ್ಲ. ಕೆಂಪು ಇಲ್ಲದ ಚಾರ್ಟ್ ಕಂಡರೆ ನನಗಂತೂ ಮೊದಲು ಭಯ ಆಗುತ್ತದೆ.

ಹಾಸನ್_ಹೈದ

ಸರಿ, ಸಂದೇಶ ಬೇರೆ ಅನ್ನೋದು ಗೊತ್ತಿರಲಿಲ್ಲ. ಆದರೆ ವಾಲೆಟ್‌ನಲ್ಲಿ 11 ಲಕ್ಷ ಇರೋದಂತೂ ನಿಜ ಅಲ್ವಾ? ಆ ದುಡ್ಡು ಎಲ್ಲೋ ಇರಲೇಬೇಕಲ್ಲ.

ಬ್ಲಾಕ್_ಬಸಣ್ಣ

ಇದೇ ಪ್ರಶ್ನೆ ಕೇಳಬೇಕಿತ್ತು. ಇಲ್ಲ, ಆ ದುಡ್ಡು ಎಲ್ಲೂ ಇಲ್ಲ. ಲೆಕ್ಕ ಹಾಕೋಣ, ಸುಲಭ ಇದೆ.

ಎರಡು ಬುಟ್ಟಿ ಅಂದುಕೊಳ್ಳಿ. ಕಾಯಿನ್ ಮಾಡಿದವನು ಒಂದರಲ್ಲಿ ತನ್ನ 10 ಲಕ್ಷ ರೂಪಾಯಿ ಬೆಲೆಯ ಬಿಎನ್‌ಬಿ ಇಡುತ್ತಾನೆ, ಇನ್ನೊಂದರಲ್ಲಿ ತಾನೇ ಹುಟ್ಟಿಸಿದ 10 ಲಕ್ಷ ಕಾಯಿನ್. ಕಾಯಿನ್ ಹುಟ್ಟಿಸೋಕೆ ಅವನಿಗೆ ಖರ್ಚೇ ಇಲ್ಲ. ಒಂದು ಕಾಯಿನ್ ಬೆಲೆ 1 ರೂಪಾಯಿ. ಎರಡು ಬುಟ್ಟಿಯ ಅಂಕಿಗಳನ್ನು ಗುಣಿಸಿದರೆ ಬರುವ ಮೊತ್ತ ಬದಲಾಗಬಾರದು, ಇದು ಪೂಲ್‌ನ ನಿಯಮ.

ಈಗ ನೀವು ಬಂದು 10 ಲಕ್ಷ ರೂಪಾಯಿ ಹಾಕಿದಿರಿ. ದುಡ್ಡಿನ ಬುಟ್ಟಿಯಲ್ಲಿ 20 ಲಕ್ಷ ಆಯಿತು, ಅಂದರೆ ಕಾಯಿನ್ ಬುಟ್ಟಿ ಅರ್ಧಕ್ಕೆ ಇಳಿಯಬೇಕು, 5 ಲಕ್ಷ. ಉಳಿದ 5 ಲಕ್ಷ ಕಾಯಿನ್ ನಿಮಗೆ. ಈಗಿನ ಬೆಲೆ? 20 ಲಕ್ಷವನ್ನು 5 ಲಕ್ಷದಿಂದ ಭಾಗಿಸಿ, 4 ರೂಪಾಯಿ. ನಿಮ್ಮ ವಾಲೆಟ್ 5 ಲಕ್ಷ ಕಾಯಿನ್ ಗುಣಿಸು 4, ಅಂದರೆ 20 ಲಕ್ಷ ಅಂತ ತೋರಿಸುತ್ತದೆ. ಹಾಕಿದ್ದು 10, ಕಾಣುವುದು 20, ಖುಷಿಯೋ ಖುಷಿ. ಆದರೆ ಅಷ್ಟನ್ನೂ ವಾಪಸ್ ಮಾರಿದರೆ ಬುಟ್ಟಿ ಮೊದಲಿನ ಸ್ಥಿತಿಗೆ ಹೋಗುತ್ತದೆ, ನಿಮ್ಮ ಕೈಗೆ ಬರುವುದು ಬರೀ 10. ಫೀ ಕಳೆದರೆ ಇನ್ನೂ ಕಡಿಮೆ. ಇದು ಮೋಸ ಇಲ್ಲದ ಪೂಲ್‌ನ ಲೆಕ್ಕ.

ಮೋಸದ ಪೂಲ್‌ನಲ್ಲಿ ಮಾರೋಕೇ ಬಿಡುವುದಿಲ್ಲ, ಹಾಗಾಗಿ ಬೆಲೆ ಇಳಿಯುವ ದಾರಿಯೇ ಇಲ್ಲ. ಒಂದು ದಿನ ಮಾಲೀಕ ಬಂದು ಎರಡೂ ಬುಟ್ಟಿ ಎತ್ತಿಕೊಂಡು ಹೋಗುತ್ತಾನೆ. ಇಟ್ಟಿದ್ದು 10 ಲಕ್ಷ, ಎತ್ತಿದ್ದು 20 ಲಕ್ಷ. ಜಾಸ್ತಿ ಬಂದದ್ದು ಪೂರ್ತಿ ನಿಮ್ಮ ದುಡ್ಡು. ಕಾಲಡಿಯ ಚಾಪೆ ಎಳೆದ ಹಾಗೆ. ರಗ್ ಪುಲ್ ಅನ್ನುವುದು ಇದಕ್ಕೇ.

ಭಾವನ ಕಾಯಿನ್ ಪೂಲ್‌ನಲ್ಲಿ ಈಗ ಒಟ್ಟು ಸುಮಾರು 9 ಲಕ್ಷದ ಬಿಎನ್‌ಬಿ ಇದೆ. ಭಾವ ಒಬ್ಬರದೇ 11 ಲಕ್ಷ ಅಂತೆ! ಇನ್ನೂರು ಜನರದು ಸೇರಿಸಿದರೆ ಎಷ್ಟಾಯಿತು ನೀವೇ ನೋಡಿ.

ಕೆರೆಕೋಡಿ

ಸ್ಕ್ವಿಡ್ ಕಾಯಿನ್ ನೆನಪಾಯಿತು. ನೆಟ್‌ಫ್ಲಿಕ್ಸ್ ಸರಣಿ ಹಿಟ್ ಆದಾಗ ಅದರ ಹೆಸರಲ್ಲಿ ಬಂದಿತ್ತು. ನಾನು ತಗೊಳ್ಳೋಕೆ ಹೊರಟಿದ್ದೆ, ಪುಣ್ಯಕ್ಕೆ ಅವತ್ತು ಕೆವೈಸಿ ಆಗಲಿಲ್ಲ.

ಬ್ಲಾಕ್_ಬಸಣ್ಣ

ಹೌದು, ಇದಕ್ಕೆ ಅಪ್ಪನಂಥ ಉದಾಹರಣೆ. 2021ರ ಅಕ್ಟೋಬರ್ ಕೊನೆಯಲ್ಲಿ ಬಂತು, ಆ ಸರಣಿಗೂ ಕಾಯಿನ್‌ಗೂ ಸಂಬಂಧವೇ ಇರಲಿಲ್ಲ. ಶುರುವಿನಲ್ಲಿ ಬೆಲೆ ಒಂದು ಸೆಂಟ್ ಆಸುಪಾಸು. ನವೆಂಬರ್ 1ಕ್ಕೆ 2,861 ಡಾಲರ್ ತನಕ ಹೋಯಿತು. ಆಮೇಲೆ ಕೆಲವೇ ನಿಮಿಷದಲ್ಲಿ ಸೊನ್ನೆ. ಮಾಡಿದವರು ಸುಮಾರು 33 ಲಕ್ಷ ಡಾಲರ್ ಹೊತ್ತುಕೊಂಡು ಹೋದರು ಅಂತ ಆಗ ವರದಿ ಆಯಿತು.

ಬೆಲೆ ಹಾಗೆ ಏರಿದ್ದು ಯಾಕೆ? ಯಾರಿಂದಲೂ ಮಾರೋಕೆ ಆಗುತ್ತಿರಲಿಲ್ಲ. ಮಾರಬೇಕಾದರೆ "ಮಾರ್ಬಲ್ಸ್" ಅನ್ನುವ ಇನ್ನೊಂದು ಕಾಯಿನ್ ಬೇಕು, ಅದು ಆಟ ಆಡಿ ಗೆದ್ದವರಿಗೆ ಮಾತ್ರ ಅಂದಿದ್ದರು. ಆಟವೇ ಶುರುವಾಗಿರಲಿಲ್ಲ. ಅದಕ್ಕೂ ಅವರು ಇಟ್ಟ ಹೆಸರು "ದಿಢೀರ್ ಮಾರಾಟ ತಡೆಯುವ ವ್ಯವಸ್ಥೆ". ಭಾವನ ಅಡ್ಮಿನ್ ಹೇಳಿದ ಬಾಟ್ ಲಾಕ್ ಇದೇ ಜಾತಿಯದು. ಅವರ ವೆಬ್‌ಸೈಟ್ ತುಂಬ ಕಾಗುಣಿತ ತಪ್ಪು, ಟೆಲಿಗ್ರಾಂ ಚಾನೆಲ್‌ನಲ್ಲಿ ಬೇರೆಯವರು ಬರೆಯೋಕೆ ಆಗುತ್ತಿರಲಿಲ್ಲ. ತುಂಗೆಯವರೇ, ಆ ಗುಂಪಿನಲ್ಲಿ ಭಾವ ಪ್ರಶ್ನೆ ಕೇಳೋಕೆ ಆಗುತ್ತದಾ?

ತುಂಗೆಯ_ದಡ

ಇಲ್ಲ! ಅಡ್ಮಿನ್‌ಗಳು ಮಾತ್ರ ಬರೆಯೋದು. ಉಳಿದವರು ಬೆಂಕಿ ಇಮೋಜಿ ಒತ್ತಬಹುದು ಅಷ್ಟೇ.

ಹಾಸನ್_ಹೈದ

ಲಾಕ್ ಬಗ್ಗೆ ನೀವು ಏನೂ ಹೇಳಲಿಲ್ಲ. ಲಿಕ್ವಿಡಿಟಿ ಲಾಕ್ ಇದ್ದರೆ ಬುಟ್ಟಿ ಎತ್ತೋಕೆ ಆಗಲ್ಲ ತಾನೇ?

ಬ್ಲಾಕ್_ಬಸಣ್ಣ

ಆ ಲಾಕ್ ತಡೆಯುವುದು ಬುಟ್ಟಿ ಎತ್ತುವುದನ್ನು ಮಾತ್ರ. ಇದರಲ್ಲಿ ಲಾಕ್ ಇದೆ, ಅದನ್ನು ಗುಂಪಿನಲ್ಲಿ ದೊಡ್ಡದಾಗಿ ಹಾಕಿಯೂ ಇದ್ದಾರೆ. ಆದರೆ Holders ಟ್ಯಾಬ್ ನೋಡಿದರೆ ಒಂದೇ ವಾಲೆಟ್‌ನಲ್ಲಿ 38% ಕಾಯಿನ್ ಕೂತಿದೆ, ಆ ವಾಲೆಟ್ `allowed` ಪಟ್ಟಿಯಲ್ಲಿದೆ. ಅವನು ಬುಟ್ಟಿ ಮುಟ್ಟಬೇಕಾಗಿಲ್ಲ. ತನ್ನ ಕಾಯಿನ್ ತಂದು ಪೂಲ್‌ಗೆ ಸುರಿದರೆ ಸಾಕು, ದುಡ್ಡಿನ ಬುಟ್ಟಿಯ ಬಹುಪಾಲು ಅವನ ಕೈಗೆ ಬರುತ್ತದೆ. ಹೊಸ ಕಾಯಿನ್ ಹುಟ್ಟಿಸುವ `mint` ಕಾಂಟ್ರ್ಯಾಕ್ಟ್‌ನಲ್ಲಿ ಉಳಿದಿದ್ದರೆ ಮುಗಿದೇಹೋಯಿತು.

ಹಾಸನ್_ಹೈದ

ಅಯ್ಯೋ. ನಾನು ಲಾಕ್ ನೋಡಿಯೇ ನಾಲ್ಕು ಕಡೆ ಹಾಕಿದ್ದೇನೆ. ನಾನು ಮಾಡೋದು, ಮೊದಲು 500 ರೂಪಾಯಿಗೆ ತಗೊಂಡು ತಕ್ಷಣ ಮಾರಿ ನೋಡುತ್ತೇನೆ. ಮಾರಾಟ ಆದರೆ ಆಮೇಲೆ ದೊಡ್ಡದು ಹಾಕುತ್ತೇನೆ. ಅದಾದರೂ ಸರಿ ಇದೆಯಾ?

ಬ್ಲಾಕ್_ಬಸಣ್ಣ

ನೋಡದೇ ಇರುವುದಕ್ಕಿಂತ ವಾಸಿ. honeypot.is ನಂಥ ಸೈಟ್ ಕೂಡ ಅದನ್ನೇ ಮಾಡುತ್ತದೆ, ಕೊಂಡು ಮಾರಿದರೆ ಏನಾಗುತ್ತದೆ ಅಂತ ಹುಸಿ ಪರೀಕ್ಷೆ ಮಾಡಿ ಹೇಳುತ್ತದೆ. ಆದರೆ ಅದು ಆ ಕ್ಷಣದ ಉತ್ತರ. ಇವತ್ತು ಮಾರುವ ಟ್ಯಾಕ್ಸ್ 5% ಇದ್ದು, ಅದನ್ನು ಬದಲಿಸುವ ಬೀಗದ ಕೈ ಮಾಲೀಕನ ಹತ್ತಿರವೇ ಇದ್ದರೆ ನಾಳೆ 99% ಮಾಡುತ್ತಾನೆ. ಮೊದಲ ಎರಡು ದಿನ ಮಾರೋಕೆ ಬಿಟ್ಟು, ಪೂಲ್ ತುಂಬಿದ ಮೇಲೆ ಬಾಗಿಲು ಹಾಕುವವರೂ ಇದ್ದಾರೆ. ಭಾವ 20 ಸಾವಿರ ಹಾಕಿದಾಗ ಸ್ವಲ್ಪ ಮಾರಿ ನೋಡಿದ್ದರಾ, ಕೇಳಿ.

ತುಂಗೆಯ_ದಡ

ಕೇಳಿದೆ. ಮೊದಲ ವಾರ 3 ಸಾವಿರದಷ್ಟು ಮಾರಿದ್ದರಂತೆ, ಸಲೀಸಾಗಿ ಬಂತಂತೆ. ಅದೇ ಧೈರ್ಯದಲ್ಲಿ ಉಳಿದ 1.2 ಲಕ್ಷ ಹಾಕಿದ್ದು.

ಕುಡ್ಲದ_ಕಾಣೆ

ದುಬೈಯಿಂದ ಬರೆಯುತ್ತಿದ್ದೇನೆ. ತುಂಗೆಯವರೇ ಮೊದಲು ಹೊಸ ವಾಲೆಟ್ ಮಾಡಿ, ಎಲ್ಲ ಅಲ್ಲಿಗೆ ಸಾಗಿಸಿ, ಹಳೇದು ಡಿಲೀಟ್ ಮಾಡಿ. ನನಗೆ ಆಗಿದ್ದು ಇದೇ. ಒಂದು ವಹಿವಾಟು ಮಧ್ಯದಲ್ಲಿ ಸಿಕ್ಕಿಬಿದ್ದಿತ್ತು, ಆ ಪ್ರಾಜೆಕ್ಟ್‌ನ ಗುಂಪಿನಲ್ಲಿ ಕೇಳಿದೆ. ಅರ್ಧ ನಿಮಿಷಕ್ಕೆ "ಸಪೋರ್ಟ್" ಅಂತ ಒಬ್ಬನಿಂದ ಖಾಸಗಿ ಮೆಸೇಜ್. ಅಡ್ಮಿನ್‌ದೇ ಫೋಟೊ, ಅದೇ ಹೆಸರು, ಒಂದು ಅಂಡರ್‌ಸ್ಕೋರ್ ಜಾಸ್ತಿ. ಎಷ್ಟು ಮರ್ಯಾದೆಯಿಂದ ಮಾತಾಡಿದ ಅಂದ್ರೆ, ನಮ್ಮ ಬ್ಯಾಂಕಿನವರೂ ಹಾಗೆ ಮಾತಾಡಲ್ಲ. ಒಂದು ಸೈಟ್ ಕೊಟ್ಟ, ವಾಲೆಟ್ ಸರಿಪಡಿಸೋಕೆ ಅದರ ಕೀಲಿಯಾದ 12 ಪದ ಹಾಕಿ ಅಂದ. ಹಾಕಿದೆ. ಚಹಾ ಕುಡಿದು ಬರೋದರೊಳಗೆ ಎಲ್ಲ ಖಾಲಿ. ಆ 12 ಪದ ಪೆನ್ನಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದವ ನಾನು, ಹೆಂಡತಿಗೂ ತೋರಿಸಿರಲಿಲ್ಲ.

ಬ್ಲಾಕ್_ಬಸಣ್ಣ

ಬೇಜಾರಾಯಿತು. ನಿಮ್ಮದು ಫಿಶಿಂಗ್, ನಿಮ್ಮ ವಿಷಯದಲ್ಲಿ ಹೊಸ ವಾಲೆಟ್ಟೇ ಸರಿ. 12 ಪದ ಹೋದರೆ ವಾಲೆಟ್ಟೇ ಅವನದ್ದು, ಪಾಸ್‌ವರ್ಡ್ ಬದಲಿಸಿ ಉಪಯೋಗ ಇಲ್ಲ, ನಾಳೆ ಅದಕ್ಕೆ ಏನು ಹಾಕಿದರೂ ಹೋಗುತ್ತದೆ. ತುಂಗೆಯವರ ಭಾವ ಪದ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಅವರ ಸಮಸ್ಯೆ ಬೇರೆ. ಆ ಕಾಯಿನ್ನನ್ನು ಹೊಸ ವಾಲೆಟ್‌ಗೆ ಸಾಗಿಸಿದರೂ ಅಲ್ಲೂ ಮಾರೋಕೆ ಆಗಲ್ಲ.

ನಿವೃತ್ತ_ಮೇಷ್ಟ್ರು

ನಾನು ಓದುತ್ತಾ ಇದ್ದೆ, ಒಂದು ಸಂದೇಹ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ ಹ್ಯಾಕ್ ಆಗಿ, ಕಲಾಪದ ಬದಲು ಕ್ರಿಪ್ಟೊ ವಿಡಿಯೊ ಬಂದಿತ್ತಲ್ಲ. ಅವತ್ತು ನಾನೇ ಕಣ್ಣಾರೆ ನೋಡಿದೆ. ಕೋರ್ಟಿನ ಚಾನೆಲ್ಲೇ ಹೀಗಾದರೆ ಯಾವುದನ್ನು ನಂಬೋದು? ಇನ್ನೊಂದು ಕಡೆ "ನೀವು ಕಳಿಸಿದ್ದರ ಎರಡರಷ್ಟು ವಾಪಸ್" ಅಂತ ಕೂಡ ನೋಡಿದ್ದೆ. ಹತ್ತು ಜನರಲ್ಲಿ ಒಬ್ಬರಿಗಾದರೂ ಕೊಟ್ಟಿರುತ್ತಾರಾ, ಹೆಸರು ಉಳಿಸಿಕೊಳ್ಳೋಕೆ?

ಕೆರೆಕೋಡಿ

ಯಾರಿಗೂ ಇಲ್ಲ ಸಾರ್. 2020ರ ಜುಲೈನಲ್ಲಿ ಒಬಾಮಾ, ಬೈಡನ್, ಮಸ್ಕ್, ಬಿಲ್ ಗೇಟ್ಸ್ ಇವರೆಲ್ಲರ ಟ್ವಿಟರ್ ಖಾತೆಯಿಂದ ಒಂದೇ ದಿನ ಇದೇ ಮಾತು ಬಂದಿತ್ತು, ಬಿಟ್‌ಕಾಯಿನ್ ಕಳಿಸಿ, ಡಬಲ್ ಕೊಡುತ್ತೇನೆ ಅಂತ. ಖಾತೆಗಳು ಅಸಲಿ, ಬರೆದವರು ಕಳ್ಳರು. ಟ್ವಿಟರ್ ಸಿಬ್ಬಂದಿಯನ್ನೇ ಫೋನಿನಲ್ಲಿ ಯಾಮಾರಿಸಿ ಒಳಗೆ ನುಗ್ಗಿದ್ದರು. ಕೆಲವೇ ಗಂಟೆಯಲ್ಲಿ 1 ಲಕ್ಷ ಡಾಲರ್‌ಗಿಂತ ಜಾಸ್ತಿ ಬಿಟ್‌ಕಾಯಿನ್ ಬಂತು.

ಇಂಥ ಪುಟಗಳ ಕೆಳಗೆ "ಇಂಥವರು 2 ಕಳಿಸಿದರು, 4 ಸಿಕ್ಕಿತು" ಅಂತ ಪಟ್ಟಿ ಓಡುತ್ತಿರುತ್ತದೆ, ನೋಡಿದ್ದೀರಾ? ಅದು ಪುಟದಲ್ಲೇ ಬರೆದಿಟ್ಟ ನಾಟಕ. ಅವರು ಕೊಟ್ಟ ವಿಳಾಸವನ್ನು bscscan ಥರದ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿ ನೋಡಿ. ಬರೋದು ಹತ್ತಾರು ಕಡೆಯಿಂದ, ಹೋಗೋದು ಅವರದೇ ಒಂದೆರಡು ವಾಲೆಟ್‌ಗೆ. ಕಳಿಸಿದವರಿಗೆ ಒಂದೂ ವಾಪಸ್ ಇರಲ್ಲ.

ಬ್ಲಾಕ್_ಬಸಣ್ಣ

ಮೇಷ್ಟ್ರೇ, ಅದಕ್ಕೇ ನಾನು ಯಾರು ಹೇಳಿದರು ಅನ್ನೋದನ್ನು ನೋಡೋಕೇ ಹೋಗಲ್ಲ, ದುಡ್ಡು ಯಾವ ಕಡೆಗೆ ಹೋಗುತ್ತದೆ ಅಂತ ನೋಡುತ್ತೇನೆ. ಕೊಡುವವನು ಮೊದಲು ನಿಮ್ಮಿಂದ ಕೇಳುತ್ತಿದ್ದಾನೆ. ಭಾವನ ಅನ್‌ಲಾಕ್ ಫೀಯೂ ಇದೇ ಆಟ. ಈಗಾಗಲೇ ಸಿಕ್ಕಿಬಿದ್ದವರಿಂದ ಇನ್ನೊಂದು ಸಲ ಹಿಂಡುವುದು. ಅರ್ಧ ಬಿಎನ್‌ಬಿ ಕಟ್ಟಿದರೆ ನಾಳೆ "ತೆರಿಗೆ" ಅನ್ನುತ್ತಾರೆ, ನಾಡಿದ್ದು "ವೆರಿಫಿಕೇಶನ್" ಅನ್ನುತ್ತಾರೆ.

ತುಂಗೆಯ_ದಡ

ಒಂದು ಎಡವಟ್ಟಾಗಿದೆ. ಭಾವ ಫೀ ಕಟ್ಟಿಲ್ಲ, ಆದರೆ ಅಡ್ಮಿನ್ ಕೊಟ್ಟ "ಅನ್‌ಲಾಕ್" ಸೈಟ್‌ಗೆ ಬೆಳಗ್ಗೆಯೇ ವಾಲೆಟ್ ಜೋಡಿಸಿದ್ದಾರೆ. ಪದ ಏನೂ ಕೇಳಲಿಲ್ಲವಂತೆ. ಮೆಟಾಮಾಸ್ಕ್‌ನಲ್ಲಿ ಏನೋ ಬಂತು, Confirm ಒತ್ತಿದೆ ಅನ್ನುತ್ತಿದ್ದಾರೆ. ಇತಿಹಾಸದಲ್ಲಿ "Approve USDT" ಅಂತ ಇದೆ. ವಾಲೆಟ್‌ನಲ್ಲಿ 310 ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಯ ಕಾಯಿನ್ ಇದೆ, ಇನ್ನೂ ಹೋಗಿಲ್ಲ.

ಬ್ಲಾಕ್_ಬಸಣ್ಣ

ಈಗಲೇ ಆ 310 ಅನ್ನು ಬೇರೆ ವಾಲೆಟ್‌ಗೆ ಅಥವಾ ಅವರ ಎಕ್ಸ್‌ಚೇಂಜ್ ಖಾತೆಗೆ ಕಳಿಸಿ. ಓದೋದು ಆಮೇಲೆ.

ಕಳಿಸಿದಿರಾ? ಅವರು ಒತ್ತಿದ್ದು ಅನುಮತಿ ಪತ್ರ. "ನನ್ನ ಯುಎಸ್‌ಡಿಟಿಯನ್ನು ಇಂಥ ವಿಳಾಸದವನು ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ತಗೋಬಹುದು" ಅಂತ. ಸಹಿ ಹಾಕಿದ ಖಾಲಿ ಚೆಕ್ ಅನ್ನಿ. ಆ ಪೆಟ್ಟಿಗೆಯಲ್ಲಿ ಖರ್ಚಿನ ಮಿತಿ ಅಂತ ಒಂದು ಸಾಲು ಇರುತ್ತದೆ, ಅಲ್ಲಿ ಮಿತಿ ಇಲ್ಲ ಅಂತಲೋ ಉದ್ದದ ಅಂಕಿಯೋ ಇದ್ದಿರುತ್ತದೆ. ಭಾವ ಮಾರೋಕೆ ಹೊರಟಿದ್ದು ಆ ಹೊಸ ಕಾಯಿನ್, ಅನುಮತಿ ಕೇಳಿದ್ದು ಯುಎಸ್‌ಡಿಟಿಗೆ. ಅಲ್ಲೇ ಗೊತ್ತಾಗಬೇಕಿತ್ತು.

ಪದ ಕೊಟ್ಟಿಲ್ಲವಾದ್ದರಿಂದ ಈ ಅನುಮತಿ ರದ್ದು ಮಾಡಬಹುದು. revoke.cash ಗೆ ಹೋಗಿ, ವಿಳಾಸ ನೀವೇ ಟೈಪ್ ಮಾಡಿ. ಗೂಗಲ್ ಜಾಹೀರಾತಿನ ಮೇಲೆ ಒತ್ತಬೇಡಿ, ಅದರದ್ದೂ ನಕಲಿ ಇರುತ್ತವೆ. ಪಟ್ಟಿಯಲ್ಲಿ ಯುಎಸ್‌ಡಿಟಿ ಪಕ್ಕದ Revoke ಒತ್ತಿ.

ತುಂಗೆಯ_ದಡ

ಕಳಿಸೋಕೆ ಹೋದರೆ ಗ್ಯಾಸ್‌ಗೆ, ಅಂದರೆ ವಹಿವಾಟಿನ ಫೀಗೆ, ಬಿಎನ್‌ಬಿ ಇಲ್ಲ. ಇದ್ದಬದ್ದದ್ದೆಲ್ಲ ಕಾಯಿನ್‌ಗೆ ಹಾಕಿದ್ದಾರೆ. ನನ್ನ ಹತ್ತಿರ ಎಕ್ಸ್‌ಚೇಂಜ್ ಖಾತೆಯೂ ಇಲ್ಲ, ಭಾವನ ಖಾತೆಯಿಂದ ತಗೊಳ್ಳೋಣ ಅಂದ್ರೆ ಓಟಿಪಿ ಬರೋ ಸಿಮ್ ಅಂಗಡಿಯ ಹಳೇ ಫೋನಿನಲ್ಲಿದೆ. ಅಂಗಡಿಗೆ ಓಡುತ್ತಿದ್ದೇನೆ.

ಕುಡ್ಲದ_ಕಾಣೆ

ವಿಳಾಸ ಬಸಣ್ಣನಿಗೆ ಕಳಿಸಿದ್ದೀರಲ್ಲ, ಅವರಿಂದ ಇಸ್ಕೊಂಡು ನಾನೇ ಚೂರು ಬಿಎನ್‌ಬಿ ಹಾಕುತ್ತೇನೆ. ಕೆಲವೇ ರೂಪಾಯಿ ವಿಷಯ.

ಬ್ಲಾಕ್_ಬಸಣ್ಣ

ನನ್ನ ಹತ್ತಿರ ಇರೋದು ಕಾಯಿನ್ ವಿಳಾಸ, ಅವರ ವಾಲೆಟ್ ವಿಳಾಸ ಅಲ್ಲ. ತುಂಗೆಯವರೇ, ಕಾಣೆಯವರಿಗೆ ವಾಲೆಟ್ ವಿಳಾಸ ಮಾತ್ರ ಕೊಡಿ, 0x ಇಂದ ಶುರು ಆಗೋದು. ಬೇರೇನೂ ಬೇಡ.

ತುಂಗೆಯ_ದಡ

ಆಯಿತು. ಕಾಣೆಯವರೇ ನಿಮ್ಮ ಋಣ ದೊಡ್ಡದು. 310 ಎಕ್ಸ್‌ಚೇಂಜ್‌ಗೆ ಹೋಯಿತು, ರದ್ದೂ ಮಾಡಿದೆ. ಕಳ್ಳರು ಯಾಕೆ ಬೆಳಗ್ಗೆಯೇ ತೆಗೆಯಲಿಲ್ಲ?

ಬ್ಲಾಕ್_ಬಸಣ್ಣ

ನನಗೂ ಅದೇ ಆಶ್ಚರ್ಯ. ಇನ್ನೂ ಜಾಸ್ತಿ ಬರಲಿ ಅಂತ ಕಾದರೋ, ಫೀಗೆ ಅಂತ ಭಾವ ದುಡ್ಡು ಹಾಕುವುದನ್ನು ನೋಡುತ್ತಿದ್ದರೋ. ಈಗ ದೂರು ಕೊಡಿ, 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ಹಾಕಿ. ವಹಿವಾಟಿನ ಹ್ಯಾಶ್, ಅಡ್ಮಿನ್ ಯೂಸರ್‌ನೇಮ್, ಸ್ಕ್ರೀನ್‌ಶಾಟ್ ಎಲ್ಲ ಈಗಲೇ ತೆಗೆದಿಟ್ಟುಕೊಳ್ಳಿ, ಗುಂಪು ಯಾವಾಗ ಬೇಕಾದರೂ ಮಾಯ ಆಗುತ್ತದೆ. ಪೂಲ್‌ಗೆ ಹೋದ ದುಡ್ಡು ವಾಪಸ್ ಬರುತ್ತದೆ ಅಂತ ಮಾತ್ರ ನಾನು ಹೇಳಲ್ಲ.

ಲೆಕ್ಕಪತ್ರ_ಲಕ್ಷ್ಮಿ

ತಡವಾಗಿ ಬಂದೆ. 11 ಲಕ್ಷದಲ್ಲಿ ಲಾಭ ಎಷ್ಟಿದೆಯೋ ಅದಕ್ಕೆ 30% ಟ್ಯಾಕ್ಸ್ ಕಟ್ಟಬೇಕಾಗುತ್ತದೆ, ಗೊತ್ತಿದೆ ತಾನೇ?

ಕೆರೆಕೋಡಿ

ಮೇಡಂ, ಮೇಲಿಂದ ಓದಿ. ಮಾರೋಕೇ ಆಗಿಲ್ಲ.

ಲೆಕ್ಕಪತ್ರ_ಲಕ್ಷ್ಮಿ

ಓ, ಸಾರಿ. ಹಾಗಾದರೆ ಟ್ಯಾಕ್ಸ್ ಇಲ್ಲ, ಮಾರಿದಾಗ ಮಾತ್ರ. ಆದರೆ ಮಾರಿ ನಷ್ಟ ಆದರೂ ಕ್ರಿಪ್ಟೊ ನಷ್ಟವನ್ನು ಬೇರೆ ಯಾವ ಆದಾಯದಲ್ಲೂ, ಇನ್ನೊಂದು ಕ್ರಿಪ್ಟೊ ಲಾಭದಲ್ಲೂ ಕಳೆಯೋಕೆ ಬಿಡಲ್ಲ. ಮೊದಲ ವಾರ ಮಾರಿದ 3 ಸಾವಿರವನ್ನಂತೂ ರಿಟರ್ನ್‌ನಲ್ಲಿ ತೋರಿಸಲಿ.

ತುಂಗೆಯ_ದಡ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ದೂರು ದಾಖಲಾಯಿತು, ನಂಬರ್ ಕೊಟ್ಟಿದ್ದಾರೆ, ಅಷ್ಟೇ. ನಿನ್ನೆ ರಾತ್ರಿ ಆ 38% ವಾಲೆಟ್‌ನಿಂದ ಮಾರಾಟ ಆಗಿದೆ, ಬಸಣ್ಣ ಹೇಳಿದ ಹಾಗೇ ಲಾಕ್ ಮುಟ್ಟಿಲ್ಲ. ಭಾವನ 11 ಲಕ್ಷ ಈಗ 640 ರೂಪಾಯಿ ತೋರಿಸುತ್ತದೆ.

ಈ ಚರ್ಚೆಯಲ್ಲಿ ಬರೆದ ಮೇಲೆ ನನಗೆ ಮೂರು ಖಾಸಗಿ ಮೆಸೇಜ್ ಬಂದಿವೆ, ಕಳೆದ ಕ್ರಿಪ್ಟೊ ವಾಪಸ್ ತರಿಸಿಕೊಡುತ್ತೇವೆ, 10% ಮುಂಗಡ ಅಂತ. ಈ ಫೋರಮ್‌ನ ಅಡ್ಮಿನ್‌ಗೆ ರಿಪೋರ್ಟ್ ಮಾಡಿದ್ದೇನೆ. ಅತ್ತ ಟೆಲಿಗ್ರಾಂ ಗುಂಪಿನಲ್ಲಿ "ಹ್ಯಾಕ್ ಆಗಿದೆ, ಹಳೆಯವರಿಗೆ ಪರಿಹಾರವಾಗಿ ಹೊಸ ಕಾಯಿನ್ ಉಚಿತ, ಈ ಲಿಂಕ್‌ನಲ್ಲಿ ವಾಲೆಟ್ ಜೋಡಿಸಿ" ಅಂತ ಹಾಕಿದ್ದಾರೆ. ಭಾವ ಬೆಳಗ್ಗೆ ಫೋನ್ ಮಾಡಿ ಕೇಳಿದರು, "ಉಚಿತ ತಾನೇ, ದುಡ್ಡು ಕೇಳಿಲ್ಲವಲ್ಲ, ಇದನ್ನು ನೋಡಬಹುದಾ?"

ಬ್ಲಾಕ್_ಬಸಣ್ಣ

ಮತ್ತೆ ಫೋನ್ ಇಸ್ಕೊಳ್ಳಿ.